ಮೊದಲ ಲಿನಕ್ಸ್: ಡಿಸ್ಟ್ರೋ ಹೆಸರಿಗಿಂತ ಮುಂಚೆ ನೋಡಬೇಕಾದ ಒಂದು ಸಂಖ್ಯೆ

(ಹೊಸದಾಗಿ ಲಿನಕ್ಸ್ ಹಾಕಿಕೊಳ್ಳುವವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. 2024ರ ಕೊನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಹೊಸ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅದರಲ್ಲಿ ಅವರು ಡೆಬಿಯನ್ 12 ಅನ್ನುವ ಡಿಸ್ಟ್ರೋ, ಅಂದರೆ ಬೇಕಾದ ಪ್ರೋಗ್ರಾಂಗಳನ್ನೂ ಸೇರಿಸಿ ಸಿದ್ಧಮಾಡಿದ ಒಂದು ಬಗೆಯ ಲಿನಕ್ಸ್, ಹಾಕಿದ್ದರು. ಗೆಳೆಯರನ್ನು ಕೇಳಿದಾಗ "ಡೆಬಿಯನ್ ಹಾಕು, ಅದರಷ್ಟು ಸ್ಥಿರವಾದದ್ದು ಬೇರೆ ಇಲ್ಲ" ಅಂದಿದ್ದರಂತೆ. ಇನ್‌ಸ್ಟಾಲ್ ಚೆನ್ನಾಗಿಯೇ ಆಗಿತ್ತು. ಪರದೆ, ಕೀಬೋರ್ಡ್, ಸೌಂಡ್ ಎಲ್ಲ ಸರಿ ಇತ್ತು. ಆದರೆ ವೈಫೈ ಇರಲಿಲ್ಲ. ಸಿಗ್ನಲ್ ಕಮ್ಮಿ ಅಂತಲ್ಲ, ಮೆನುವಿನಲ್ಲಿ ವೈಫೈ ಅನ್ನುವ ಪದವೇ ಇರಲಿಲ್ಲ.

ಅವರು ಕೇಳಿದ ಪ್ರಶ್ನೆ ಇದು: "ಸ್ಥಿರವಾದದ್ದನ್ನೇ ಹಾಕಿದೆನಲ್ಲ, ಮತ್ತೆ ಯಾಕೆ ಕೆಲಸ ಮಾಡ್ತಿಲ್ಲ?"

ಇವತ್ತಿನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ. ಮೊದಲ ಡಿಸ್ಟ್ರೋ ಆರಿಸುವಾಗ ಮೂರು ವಿಷಯ ತೂಗಬೇಕು ಅಂತ ಎಲ್ಲರೂ ಹೇಳುತ್ತಾರೆ: ಸ್ಥಿರತೆ, ಬೇಕಾದ ಸಾಫ್ಟ್‌ವೇರ್ ಸಿಗುವುದು, ನಿಮ್ಮ ಹಾರ್ಡ್‌ವೇರ್ ನಡೆಯುವುದು. ಮಾತು ಸರಿ. ಆದರೆ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಒಟ್ಟಿಗೆ ಇಡಲು ಆಗುವುದಿಲ್ಲ. ಅದಕ್ಕೊಂದು ಕ್ರಮ ಇದೆ. ಮೊದಲು ಹಾರ್ಡ್‌ವೇರ್, ಆಮೇಲೆ ಸ್ಥಿರತೆ, ಕೊನೆಗೆ ಸಾಫ್ಟ್‌ವೇರ್. ಯಾಕೆ ಹೀಗೆ ಅನ್ನುವುದು ಆ ಲ್ಯಾಪ್‌ಟಾಪ್ ನೋಡಿದರೆ ಗೊತ್ತಾಗುತ್ತದೆ.

ನಾನು ಮೊದಲು ಮಾಡಿದ್ದು ಟರ್ಮಿನಲ್ ತೆಗೆದು ಈ ಎರಡು ಕಮಾಂಡ್ ಓಡಿಸಿದ್ದು.

```
uname -r
lspci -nnk
```

ಮೊದಲನೆಯದು ಈಗ ಓಡುತ್ತಿರುವ ಕರ್ನಲ್‌ನ ಸಂಖ್ಯೆ ಹೇಳುತ್ತದೆ. ಕರ್ನಲ್ ಅಂದರೆ ಪ್ರೋಗ್ರಾಂಗಳಿಗೂ ಹಾರ್ಡ್‌ವೇರ್‌ಗೂ ನಡುವೆ ನಿಂತು ಕೆಲಸ ಮಾಡುವ ಲಿನಕ್ಸ್‌ನ ತಿರುಳು. ಅಲ್ಲಿ 6.1 ಅಂತ ಶುರುವಾಗುವ ಸಂಖ್ಯೆ ಬಂತು. ಎರಡನೆಯದು ಕಂಪ್ಯೂಟರ್ ಒಳಗಿರುವ ಚಿಪ್‌ಗಳ ಪಟ್ಟಿ ಕೊಡುತ್ತದೆ. ಪಟ್ಟಿ ಉದ್ದ ಇರುತ್ತದೆ, ಗಾಬರಿ ಬೇಡ. Network controller ಅಂತ ಬರೆದಿರುವ ಸಾಲು ಹುಡುಕಿದರೆ ಸಾಕು. ಅವರ ಯಂತ್ರದಲ್ಲಿ ಆ ಸಾಲು ಹೀಗಿತ್ತು.

```
02:00.0 Network controller [0280]: Realtek Semiconductor Co., Ltd. Device [10ec:b852]
```

ಇದರಲ್ಲಿ ಎರಡು ಸುಳಿವು ಇವೆ. ಒಂದು, ಕೊನೆಯ ಚೌಕ ಕಂಸದಲ್ಲಿರುವ `10ec:b852`. ಅದು ಚಿಪ್‌ನ ಗುರುತಿನ ಸಂಖ್ಯೆ. ಹಳೆಯ ಸಿಸ್ಟಂಗೆ ಹೊಸ ಚಿಪ್‌ನ ಹೆಸರು ಗೊತ್ತಿರುವುದಿಲ್ಲ. ಅದಕ್ಕೇ ಇಲ್ಲಿ ಬರೀ Device ಅಂತ ಬಂದಿದೆ. ಆದರೆ ಸಂಖ್ಯೆ ಚಿಪ್‌ನಿಂದಲೇ ಬರುತ್ತದೆ, ಅದು ಬದಲಾಗುವುದಿಲ್ಲ. ಹುಡುಕುವಾಗ ಲ್ಯಾಪ್‌ಟಾಪ್ ಮಾಡೆಲ್ ಹೆಸರಿಗಿಂತ ಈ ಸಂಖ್ಯೆಯನ್ನೇ ನಂಬಿ. ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ವೈಫೈ ಚಿಪ್ ಹಾಕಿ ಮಾರುವುದುಂಟು.

ಎರಡನೇ ಸುಳಿವು, ಅಲ್ಲಿ ಇಲ್ಲದೇ ಇರುವ ಒಂದು ಸಾಲು. ಚಿಪ್‌ಗೆ ಡ್ರೈವರ್ ಸಿಕ್ಕಿದ್ದರೆ ಅದರ ಕೆಳಗೆ `Kernel driver in use:` ಅಂತ ಇನ್ನೊಂದು ಸಾಲು ಇರಬೇಕಿತ್ತು. ಅದು ಇರಲಿಲ್ಲ. ಅಂದರೆ ಚಿಪ್ ಕೆಟ್ಟಿಲ್ಲ, ಕಂಪ್ಯೂಟರ್‌ಗೆ ಅದು ಕಾಣಿಸುತ್ತಿದೆ. ಅದನ್ನು ಮಾತಾಡಿಸುವವರು ಮಾತ್ರ ಇಲ್ಲ.

`10ec:b852` ಅಂದರೆ RTL8852BE ಅನ್ನುವ ವೈಫೈ ಚಿಪ್. ಅದರ ಡ್ರೈವರ್ `rtw89` ಅನ್ನುವ ಗುಂಪಿನಲ್ಲಿದೆ. ಈ ಚಿಪ್‌ಗೆ ಬೇಕಾದ ಭಾಗ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 6.2ನೇ ಆವೃತ್ತಿಯಲ್ಲಿ, 2023ರ ಫೆಬ್ರವರಿಯಲ್ಲಿ. ಡೆಬಿಯನ್ 12ರಲ್ಲಿ ಇರುವುದು 6.1. ಒಂದೇ ಒಂದು ಮೆಟ್ಟಿಲಿನ ವ್ಯತ್ಯಾಸ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ವಿಂಡೋಸ್ ಬಳಸಿದವರಿಗೆ ಡ್ರೈವರ್ ಅಂದರೆ ಚಿಪ್ ಮಾಡಿದವರು ಬೇರೆಯಾಗಿ ಕೊಡುವ ಫೈಲ್. ಡೌನ್‌ಲೋಡ್ ಮಾಡಿ ಹಾಕಿಕೊಂಡರಾಯಿತು. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಒಳಗೇ ಇರುತ್ತವೆ, ಕರ್ನಲ್ ಜೊತೆಗೇ ಬರುತ್ತವೆ. ಅದು ದೊಡ್ಡ ಅನುಕೂಲ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದ ಕೂಡಲೇ ಎಲ್ಲ ತಾನಾಗಿ ನಡೆಯುವುದು ಇದರಿಂದಲೇ. ಆದರೆ ಇದರ ಇನ್ನೊಂದು ಮುಖ ಏನೆಂದರೆ, ನಿಮ್ಮ ಕರ್ನಲ್ ಎಷ್ಟು ಹಳೆಯದೋ ನಿಮ್ಮ ಡ್ರೈವರ್‌ಗಳೂ ಅಷ್ಟೇ ಹಳೆಯವು. ಕರ್ನಲ್ ಬಿಡುಗಡೆಯಾದ ದಿನ ಡ್ರೈವರ್ ಬರೆದಾಗಿಲ್ಲದ ಚಿಪ್, ಆ ಕರ್ನಲ್‌ಗೆ ಅಪರಿಚಿತ.

ಹಾಗಾದರೆ 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12, ಅಷ್ಟರಲ್ಲಾಗಲೇ ಬಂದಿದ್ದ 6.2 ಯಾಕೆ ಹಾಕಲಿಲ್ಲ? ಯಾಕೆಂದರೆ 6.1 ವರ್ಷಗಟ್ಟಲೆ ದುರಸ್ತಿ ಸಿಗುವ ಕರ್ನಲ್. ಡೆಬಿಯನ್ ಅಂಥದ್ದನ್ನೇ ಆರಿಸುತ್ತದೆ, ಮತ್ತು ಬಿಡುಗಡೆಗೆ ತಿಂಗಳುಗಳ ಮುಂಚೆಯೇ ಎಲ್ಲ ಪ್ಯಾಕೇಜ್‌ಗಳ, ಅಂದರೆ ಪ್ರೋಗ್ರಾಂ ಕಟ್ಟುಗಳ, ಆವೃತ್ತಿಯನ್ನು ಅಲ್ಲಿಗೇ ನಿಲ್ಲಿಸಿ ಪರೀಕ್ಷೆ ಮಾಡುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ. ಚಿಪ್‌ನ ಡ್ರೈವರ್ ಬಂದ ದಿನ ಮತ್ತು ಡಿಸ್ಟ್ರೋ ಕರ್ನಲ್ ಆರಿಸಿದ ದಿನ, ಎರಡೂ ಹೊಂದಲಿಲ್ಲ. ಅಷ್ಟೇ.

ಈಗ "ಸ್ಥಿರ" ಅನ್ನುವ ಪದಕ್ಕೆ ಬರೋಣ. ಸ್ಥಿರ ಅಂದರೆ ಕೆಡುವುದಿಲ್ಲ, ಹ್ಯಾಂಗ್ ಆಗುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಡೆಬಿಯನ್‌ನಲ್ಲಿ ಸ್ಟೇಬಲ್ ಅಂದರೆ ಮುಖ್ಯವಾಗಿ "ಬದಲಾಗುವುದಿಲ್ಲ" ಅಂತ. ಡೆಬಿಯನ್ 12 ಬಂದಾಗ ಅದರಲ್ಲಿ ಲಿಬ್ರೆ ಆಫೀಸ್ 7.4 ಇತ್ತು. ಆ ಆವೃತ್ತಿಯ ಡೆಬಿಯನ್ ಇರುವವರೆಗೂ ಅದು 7.4ರಲ್ಲೇ ಇರುತ್ತದೆ. ಭದ್ರತೆಯ ದುರಸ್ತಿಗಳು ಮಾತ್ರ ಹಳೆಯ ಆವೃತ್ತಿಗೇ ಹೊಲಿದು ಬರುತ್ತವೆ. ಬ್ರೌಸರ್‌ನಂಥ ಒಂದೆರಡು ವಿನಾಯಿತಿ ಬಿಟ್ಟರೆ ಹೊಸ ಸೌಲಭ್ಯ ಬರುವುದಿಲ್ಲ, ಮೆನು ಜಾಗ ಬದಲಾಗುವುದಿಲ್ಲ. ಇವತ್ತು ಅಪ್‌ಡೇಟ್ ಮಾಡಿದರೆ ನಾಳೆ ಬೆಳಿಗ್ಗೆ ಯಂತ್ರ ನಿನ್ನೆಯಂತೆಯೇ ಇರುತ್ತದೆ. ಇದು ನಿಜವಾಗಲೂ ಬೆಲೆಯುಳ್ಳ ಗುಣ. ಆದರೆ ಬದಲಾಗದಿರುವುದರಲ್ಲಿ ಕರ್ನಲ್ ಕೂಡ ಸೇರಿದೆ. ಸ್ಥಿರತೆ ಮತ್ತು ಹೊಸ ಹಾರ್ಡ್‌ವೇರ್ ಜಗಳ ಆಡುವುದು ಇಲ್ಲೇ.

ಇನ್ನು ಆ ವಿದ್ಯಾರ್ಥಿನಿಯ ಲ್ಯಾಪ್‌ಟಾಪ್‌ಗೆ ಲೆಕ್ಕ ಹಾಕೋಣ. ಬೇಕಾಗಿದ್ದು ಕರ್ನಲ್ 6.2 ಅಥವಾ ಅದಕ್ಕಿಂತ ಹೊಸದು. ಆ ಹೊತ್ತಿಗೆ ಸಿಗುತ್ತಿದ್ದ ಡಿಸ್ಟ್ರೋಗಳನ್ನು ನೋಡಿದೆವು. ಡೆಬಿಯನ್ 12ರಲ್ಲಿ 6.1, ಆಗಲಿಲ್ಲ. ಅವರ ಗೆಳೆಯರೊಬ್ಬರ ಹತ್ತಿರ ಇದ್ದ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ 21 ಇತ್ತು. ಅದರಲ್ಲಿ 5.15, ಅದೂ ಆಗಲಿಲ್ಲ. ಉಬುಂಟು 24.04ರಲ್ಲಿ 6.8, ಸಾಕು. ಅದರ ಮೇಲೆ ಕಟ್ಟಿದ ಮಿಂಟ್ 22ರಲ್ಲೂ 6.8. ಫೆಡೋರಾ 41ರಲ್ಲಿ 6.11.

ಒಂದು ಮಾತು ಮಧ್ಯದಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲಿ ಎಡವುತ್ತಾರೆ. ಈ ಸಂಖ್ಯೆಗಳಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. 6.12 ಅನ್ನುವುದು 6.8ಕ್ಕಿಂತ ಚಿಕ್ಕದಲ್ಲ, ನಾಲ್ಕು ಮೆಟ್ಟಿಲು ಮುಂದಿನದು. ಆರು ಬಿಂದು ಹನ್ನೆರಡು ಅಂತ ಓದಿ, ಗೊಂದಲ ಆಗುವುದಿಲ್ಲ.

ನೋಡಿ, ಐದು ಹೆಸರು ಇದ್ದವು, ಒಂದು ಸಂಖ್ಯೆ ಇಟ್ಟುಕೊಂಡು ನೋಡಿದ ಕೂಡಲೇ ಎರಡು ತಾವಾಗಿ ಹೋದವು. ಯಾವುದು ಚೆಂದ, ಯಾವುದು ಹೆಸರುವಾಸಿ ಅನ್ನುವ ಚರ್ಚೆಯೇ ಬರಲಿಲ್ಲ. ನಾನು ಹೇಳಿದ ಸಂಖ್ಯೆಗಳು ಆ ಸಮಯದವು. ನೀವು ಆರಿಸುವ ಹೊತ್ತಿಗೆ ಎಲ್ಲ ಮುಂದೆ ಹೋಗಿರುತ್ತವೆ. ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಲ್ಯಾಪ್‌ಟಾಪ್‌ನಲ್ಲಿ ಇನ್ನೂ ವಿಂಡೋಸ್ ಇದೆ, `lspci` ಓಡಿಸುವುದು ಹೇಗೆ ಅಂತ ಕೇಳಬಹುದು. ಇದಕ್ಕೇ ಲೈವ್ ಯುಎಸ್‌ಬಿ ಇರುವುದು. ಡಿಸ್ಟ್ರೋದ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ "ಟ್ರೈ" ಆರಿಸಿದರೆ ಪೂರ್ತಿ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ನಿಮ್ಮ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಸ್ವಲ್ಪ ನಿಧಾನ ಅನಿಸುತ್ತದೆ, ಅದು ಪೆನ್‌ಡ್ರೈವ್‌ನ ವೇಗ, ಡಿಸ್ಟ್ರೋದ ವೇಗ ಅಲ್ಲ.

ಆದರೆ ಹೆಚ್ಚಿನವರು ಲೈವ್ ಯುಎಸ್‌ಬಿಯನ್ನು ಸುಮ್ನೆ ನೋಡಲಿಕ್ಕೆ ಬಳಸುತ್ತಾರೆ. ವಾಲ್‌ಪೇಪರ್ ನೋಡಿ, ಎರಡು ಮೆನು ತೆಗೆದು, "ಚೆನ್ನಾಗಿದೆ" ಅಂತ ಇನ್‌ಸ್ಟಾಲ್ ಒತ್ತಿಬಿಡುತ್ತಾರೆ. ಅದು ಪರೀಕ್ಷೆ ಮಾಡುವ ಜಾಗ, ಅಲ್ವಾ? ಅರ್ಧ ಗಂಟೆ ಕೊಡಿ. ವೈಫೈಗೆ ಸೇರಿಸಿ ಒಂದು ವಿಡಿಯೋ ಹತ್ತು ನಿಮಿಷ ಓಡಿಸಿ. ಸ್ಪೀಕರ್ ಮತ್ತು ಮೈಕ್ ಎರಡನ್ನೂ ನೋಡಿ, ಸ್ಪೀಕರ್ ನಡೆದು ಮೈಕ್ ನಡೆಯದ ಹೊಸ ಲ್ಯಾಪ್‌ಟಾಪ್‌ಗಳು ಇವೆ. ಪರದೆಯ ಬೆಳಕು ಹೆಚ್ಚು ಕಮ್ಮಿ ಮಾಡುವ ಕೀ ಒತ್ತಿ. ಎಲ್ಲಕ್ಕಿಂತ ಮುಖ್ಯವಾಗಿ, ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ಪರದೆ ಕಪ್ಪಾಗಿಯೇ ಉಳಿಯಿತೆ? ತೆರೆದ ಮೇಲೆ ವೈಫೈ ಮತ್ತೆ ಬಂತೆ? ಸ್ಲೀಪ್ ಸರಿಯಾಗಿ ಆಗದಿರುವುದು ನಾನು ಅತಿ ಹೆಚ್ಚು ಕಂಡಿರುವ ತೊಂದರೆ, ಮತ್ತು ಯಾರೂ ಮುಂಚೆ ಪರೀಕ್ಷಿಸದ ವಿಷಯ.

ಅವರ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಲೈವ್ ಬೂಟ್ ಮಾಡಿದಾಗ ಅದೇ ಚಿಪ್ ಹೀಗೆ ಕಾಣಿಸಿತು.

```
02:00.0 Network controller [0280]: Realtek Semiconductor Co., Ltd. RTL8852BE PCIe 802.11ax Wireless Network Controller [10ec:b852]
	Kernel driver in use: rtw89_8852be
```

ಹೆಸರೂ ಬಂತು, ಡ್ರೈವರ್ ಸಾಲೂ ಬಂತು. ಮೆನುವಿನಲ್ಲಿ ವೈಫೈ ಕೂಡ. ಅವರ ಮುಖ ನೋಡಬೇಕಿತ್ತು ಆಗ.

ಇಲ್ಲಿ ಒಂದು ಅಡ್ಡದಾರಿ ಇದೆ, ಅದನ್ನೂ ಹೇಳಬೇಕು. ಹುಡುಕಿದರೆ ಇಂಥ ಚಿಪ್‌ಗಳಿಗೆ ಡ್ರೈವರ್‌ನ ಮೂಲ ಕೋಡ್ ಸಿಗುತ್ತದೆ. ಹಳೆಯ ಕರ್ನಲ್ ಇಟ್ಟುಕೊಂಡೇ ಅದನ್ನು ಕಂಪೈಲ್ ಮಾಡಿ ಹಾಕಿಕೊಳ್ಳಬಹುದು. ನಡೆಯುತ್ತದೆ ಕೂಡ. ಆದರೆ ಆ ಡ್ರೈವರ್ ಆ ಒಂದು ಕರ್ನಲ್‌ಗೆ ಮಾತ್ರ ಹೊಲಿದ ಬಟ್ಟೆ. ಭದ್ರತಾ ಅಪ್‌ಡೇಟ್‌ನಲ್ಲಿ ಕರ್ನಲ್ ಬದಲಾದ ದಿನ ವೈಫೈ ಮಾಯ. ಪ್ರತಿ ಸಲ ತಾನಾಗಿ ಮತ್ತೆ ಕಂಪೈಲ್ ಮಾಡುವ ಏರ್ಪಾಡು ಇದೆ, ಡಿಕೆಎಂಎಸ್ ಅಂತ. ಅದೂ ಒಮ್ಮೊಮ್ಮೆ ಸೋಲುತ್ತದೆ. ಬೇರೆ ದಾರಿ ಇಲ್ಲದವರಿಗೆ ಇದು ಸರಿ. ಹೊಸಬರು ಇದರಿಂದಲೇ ಶುರು ಮಾಡುವುದು ಬೇಡ. ಡ್ರೈವರ್ ಕರ್ನಲ್ ಒಳಗೇ ಇರುವ ಡಿಸ್ಟ್ರೋ ಹಾಕಿದರೆ ಈ ತಲೆನೋವೇ ಇಲ್ಲ.

ಉಳಿದ ಮೂರರಲ್ಲಿ ಯಾವುದು? ಈಗ ಸ್ಥಿರತೆಯ ಸರದಿ. ಸ್ಥಿರತೆಯನ್ನು ನಾನು ಎರಡು ಪ್ರಶ್ನೆ ಕೇಳಿ ಅಳೆಯುತ್ತೇನೆ. ಒಮ್ಮೆ ಹಾಕಿದ್ದು ಎಷ್ಟು ಕಾಲ ಅಪ್‌ಡೇಟ್ ಪಡೆಯುತ್ತದೆ? ಆ ಕಾಲದಲ್ಲಿ ಎಷ್ಟು ಬದಲಾಗುತ್ತದೆ?

ಉಬುಂಟುವಿನಲ್ಲಿ ಎರಡು ಬಗೆ ಇದೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್, ಅಂದರೆ ದೀರ್ಘ ಬೆಂಬಲದ ಆವೃತ್ತಿಗೆ, ಐದು ವರ್ಷ ಅಪ್‌ಡೇಟ್ ಇರುತ್ತದೆ. ನಡುವೆ ಆರು ತಿಂಗಳಿಗೊಮ್ಮೆ ಬರುವವಕ್ಕೆ ಒಂಬತ್ತೇ ತಿಂಗಳು. ಹೊಸಬರು ಸಂಖ್ಯೆ ದೊಡ್ಡದು ಅಂತ ಆ ನಡುವಿನದನ್ನು ಇಳಿಸಿಕೊಳ್ಳುತ್ತಾರೆ, ಒಂಬತ್ತು ತಿಂಗಳಿಗೆ ಅಪ್‌ಡೇಟ್ ನಿಂತು ಕಂಗಾಲಾಗುತ್ತಾರೆ. ಎಲ್‌ಟಿಎಸ್ ಅಂತ ಬರೆದಿದೆಯಾ ನೋಡಿ. ಮಿಂಟ್ ಆ ಎಲ್‌ಟಿಎಸ್ ಮೇಲೆಯೇ ಕಟ್ಟಿದ್ದು, ಆದ್ದರಿಂದ ಮಿಂಟ್ 22ಕ್ಕೂ 2029ರವರೆಗೆ ಅಪ್‌ಡೇಟ್ ಇದೆ. ಫೆಡೋರಾ ಆರು ತಿಂಗಳಿಗೊಮ್ಮೆ ಬರುತ್ತದೆ, ಪ್ರತಿಯೊಂದಕ್ಕೂ ಸುಮಾರು ಹದಿಮೂರು ತಿಂಗಳ ಆಯುಷ್ಯ. ಅಂದರೆ ವರ್ಷಕ್ಕೆ ಒಮ್ಮೆಯಾದರೂ ಇಡೀ ಸಿಸ್ಟಂ ಮುಂದಿನ ಆವೃತ್ತಿಗೆ ಏರಿಸಲೇಬೇಕು. ಜೊತೆಗೆ ಫೆಡೋರಾ ಒಂದೇ ಆವೃತ್ತಿಯ ಒಳಗೂ ಹೊಸ ಹೊಸ ಕರ್ನಲ್ ಕೊಡುತ್ತಾ ಹೋಗುತ್ತದೆ. ತೀರಾ ಹೊಸ ಯಂತ್ರ ಇದ್ದವರಿಗೆ ಇದು ವರದಾನ. ಅಪ್‌ಡೇಟ್ ಅಂದರೆ ಭಯ ಬೀಳುವವರಿಗೆ ಅಲ್ಲ.

ಎಲ್‌ಟಿಎಸ್ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಾನು ಹೊಸಬರಿಗೆ ಅದನ್ನು ಹೇಳುವುದಕ್ಕೆ ಅದೇ ಕಾರಣ. ಉಬುಂಟು ಎಲ್‌ಟಿಎಸ್‌ನಲ್ಲಿ ಸಾಫ್ಟ್‌ವೇರ್‌ಗಳು ನಿಂತಲ್ಲೇ ನಿಂತರೂ ಕರ್ನಲ್ ಮುಂದೆ ಹೋಗುವ ದಾರಿ ಇಟ್ಟಿದ್ದಾರೆ. ಅದಕ್ಕೆ ಎಚ್‌ಡಬ್ಲ್ಯೂಇ ಅನ್ನುತ್ತಾರೆ. 24.04 ಬಂದಾಗ ಕರ್ನಲ್ 6.8 ಇತ್ತು. 2025ರ ಫೆಬ್ರವರಿಯ 24.04.2ರಲ್ಲಿ 6.11 ಬಂತು, ಅದೇ ವರ್ಷ ಆಗಸ್ಟ್‌ನ 24.04.3ರಲ್ಲಿ 6.14. ಮೇಲಿನ ಮನೆ ಹಾಗೇ ಇದೆ, ಕೆಳಗಿನ ಪಾಯ ಮಾತ್ರ ಹೊಸದು. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆಗೆದು View ಮೆನುವಿನಲ್ಲಿ Linux Kernels ಅಂತ ಹೋದರೆ ಸಿಗುವ ಕರ್ನಲ್‌ಗಳ ಪಟ್ಟಿಯೇ ಬರುತ್ತದೆ. ಆದ್ದರಿಂದ ಐಎಸ್‌ಒ ಇಳಿಸುವಾಗ ಹಳೆಯ ಪೆನ್‌ಡ್ರೈವ್‌ನಲ್ಲಿ ಇದ್ದದ್ದನ್ನು ಬಳಸಬೇಡಿ. ಅದೇ ಎಲ್‌ಟಿಎಸ್‌ನ ಇತ್ತೀಚಿನ ಐಎಸ್‌ಒ ಇಳಿಸಿ.

ಹೊಸ ಕರ್ನಲ್ ಬಂದ ಮೇಲೆ ಏನಾದರೂ ಕೆಟ್ಟರೆ? ಕೆಡುವುದುಂಟು. ನಿನ್ನೆ ನಡೆದ ಸ್ಲೀಪ್ ಇವತ್ತು ನಡೆಯುವುದಿಲ್ಲ. ಆಗ ಇಡೀ ಸಿಸ್ಟಂ ಅಳಿಸಬೇಕಿಲ್ಲ. ಹಿಂದಿನ ಕರ್ನಲ್ ಇನ್ನೂ ಡಿಸ್ಕ್‌ನಲ್ಲೇ ಇರುತ್ತದೆ. ಬೂಟ್ ಆಗುವಾಗ Esc ಅಥವಾ Shift ಒತ್ತಿದರೆ ಯಾವುದನ್ನು ಬೂಟ್ ಮಾಡಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ. ಅಲ್ಲಿ Advanced options ಒಳಗೆ ಹಳೆಯ ಸಂಖ್ಯೆ ಆರಿಸಿ. ಅದರಲ್ಲಿ ಸರಿಯಾದರೆ ತೊಂದರೆ ಕರ್ನಲ್‌ನದ್ದು ಅಂತ ಖಚಿತವಾಯಿತು. ಅದರಲ್ಲೂ ಸರಿಯಾಗದಿದ್ದರೆ ಬೇರೆ ಕಡೆ ಹುಡುಕಿ.

ಆ ವಿದ್ಯಾರ್ಥಿನಿಗೆ ನಾವು ಮಿಂಟ್ 22 ಹಾಕಿದೆವು. ಫೆಡೋರಾದಲ್ಲೂ ವೈಫೈ ನಡೆಯುತ್ತಿತ್ತು. ಆದರೆ ಅವರಿಗೆ ಓದಿನ ನಡುವೆ ವರ್ಷಕ್ಕೊಮ್ಮೆ ಸಿಸ್ಟಂ ಏರಿಸುವ ಕೆಲಸ ಬೇಡವಾಗಿತ್ತು. ಉಬುಂಟು ಮತ್ತು ಮಿಂಟ್ ನಡುವೆ ಅವರು ನೋಟ ನೋಡಿ ಆರಿಸಿದರು. ಅಷ್ಟರಲ್ಲಿ ಲೆಕ್ಕ ಎಲ್ಲ ಮುಗಿದಿತ್ತು, ನೋಟ ನೋಡಿ ಆರಿಸುವುದರಲ್ಲಿ ತಪ್ಪೇನೂ ಇಲ್ಲ.

ಈಗ ಸಾಫ್ಟ್‌ವೇರ್. ಇದನ್ನು ಕೊನೆಗೆ ಇಟ್ಟಿದ್ದು ಇದು ಸಣ್ಣ ವಿಷಯ ಅಂತಲ್ಲ. ಇನ್‌ಸ್ಟಾಲ್ ಆದ ಮೇಲೂ ಸರಿ ಮಾಡಿಕೊಳ್ಳಬಹುದಾದ ವಿಷಯ ಅಂತ.

ಮುಂಚೆ ಹೀಗಿರಲಿಲ್ಲ. ಸ್ಥಿರ ಡಿಸ್ಟ್ರೋ ಅಂದರೆ ಹಳೆಯ ಸಾಫ್ಟ್‌ವೇರ್ ಅಂತಲೇ ಅರ್ಥವಾಗಿತ್ತು. ನಾನು ಡೆಬಿಯನ್ ಸ್ಟೇಬಲ್ ಬಳಸಲು ಶುರು ಮಾಡಿದ ದಿನಗಳಲ್ಲಿ ಒಂದು ವಿಡಿಯೋ ಎಡಿಟರ್‌ನ ಹೊಸ ಆವೃತ್ತಿ ಬೇಕಾಗಿತ್ತು. ಡೆಬಿಯನ್‌ನ ಅನ್‌ಸ್ಟೇಬಲ್ ಶಾಖೆಯಲ್ಲಿ ಅದು ಇತ್ತು. ಆ ರೆಪೊಸಿಟರಿಯ, ಅಂದರೆ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ಭಂಡಾರದ, ಸಾಲು ತಂದು ನನ್ನ ಪಟ್ಟಿಗೆ ಸೇರಿಸಿದೆ. ಆ ಒಂದು ಪ್ರೋಗ್ರಾಂ ಹೊಸ `libc6` ಕೇಳಿತು. ಅದು ಸಿಸ್ಟಂನಲ್ಲಿರುವ ಪ್ರತಿಯೊಂದು ಪ್ರೋಗ್ರಾಂ ನಿಂತಿರುವ ಲೈಬ್ರರಿ. ಅದರ ಹಿಂದೆ ಇನ್ನಷ್ಟು, ಅವುಗಳ ಹಿಂದೆ ಮತ್ತಷ್ಟು. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಟೂಲ್ ಆದ ಏಪಿಟಿ ನನಗೆ ಮುಂಚೆಯೇ ಹೇಳಿತ್ತು.

```
The following packages will be REMOVED:
```

ಅದರ ಕೆಳಗೆ ಉದ್ದದ ಪಟ್ಟಿ ಇತ್ತು. ನಾನು ಓದದೆ `y` ಒತ್ತಿದೆ. ಮತ್ತೆ ಬೂಟ್ ಮಾಡಿದಾಗ ಡೆಸ್ಕ್‌ಟಾಪ್ ಇರಲಿಲ್ಲ, ಬರೀ ಕಪ್ಪು ಪರದೆಯ ಲಾಗಿನ್. ಡೆಬಿಯನ್ ಬಳಗದಲ್ಲಿ ಇಂಥ ಸಿಸ್ಟಂಗೆ ಫ್ರಾಂಕನ್‌ಡೆಬಿಯನ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಎರಡು ಕಾಲದ ಭಾಗಗಳನ್ನು ಸೇರಿಸಿ ಹೊಲಿದ ದೇಹ. ಎರಡು ದಿನ ಹೋಯಿತು ಎಲ್ಲ ಮತ್ತೆ ಹಾಕುವುದಕ್ಕೆ. ಆ REMOVED ಸಾಲು ಕಂಡಾಗ, ಅದರಲ್ಲಿ ನೀವು ಕೇಳದ ಹೆಸರುಗಳು ಇದ್ದರೆ, `n` ಒತ್ತಿ ನಿಲ್ಲಿಸಿ. ಮುಂದೇನು ಅಂತ ಆಮೇಲೆ ಯೋಚಿಸಬಹುದು.

ಇದರ ಇನ್ನೊಂದು ರೂಪ ಹೀಗೆ ಕಾಣಿಸುತ್ತದೆ. ಎಲ್ಲಿಂದಲೋ ಒಂದು ಪ್ರೋಗ್ರಾಂ ಇಳಿಸುತ್ತೀರಿ, ಓಡಿಸಿದರೆ ಈ ಸಾಲು ಬರುತ್ತದೆ.

```
version `GLIBC_2.38' not found
```

ಪ್ರೋಗ್ರಾಂ ಕೆಟ್ಟಿಲ್ಲ. ಅದನ್ನು ನಿಮ್ಮದಕ್ಕಿಂತ ಹೊಸ ಸಿಸ್ಟಂನಲ್ಲಿ ಕಟ್ಟಿದ್ದಾರೆ. ಜಿಲಿಬ್‌ಸಿ ಅಂದರೆ ಮೇಲೆ ಹೇಳಿದ `libc6` ಲೈಬ್ರರಿಯೇ. ಡೆಬಿಯನ್ 12ರಲ್ಲಿ ಜಿಲಿಬ್‌ಸಿ 2.36 ಇದೆ, ಉಬುಂಟು 24.04ರಲ್ಲಿ 2.39. ಮೊದಲನೆಯದರಲ್ಲಿ ಇದು ಓಡುವುದಿಲ್ಲ, ಎರಡನೆಯದರಲ್ಲಿ ಓಡುತ್ತದೆ. ಈ ಸಾಲು ನೋಡಿ ಜಿಲಿಬ್‌ಸಿಯನ್ನೇ ಹೊಸದು ಮಾಡಲು ಹೋಗಬೇಡಿ, ನಾನು ಹೋದ ದಾರಿ ಅದೇ.

ಇವತ್ತು ಇದಕ್ಕೆಲ್ಲ ಫ್ಲಾಟ್‌ಪ್ಯಾಕ್ ಇದೆ. ಫ್ಲಾಟ್‌ಪ್ಯಾಕ್ ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಗಳನ್ನು ಜೊತೆಗೇ ತರುತ್ತದೆ, ಸಿಸ್ಟಂನದ್ದನ್ನು ಮುಟ್ಟುವುದಿಲ್ಲ. ಫ್ಲಾಟ್‌ಪ್ಯಾಕ್‌ಗಳು ಸಿಗುವ ಫ್ಲಾಟ್‌ಹಬ್ ಅನ್ನುವ ತಾಣದಿಂದ ಹಾಕಿದ ವಿಡಿಯೋ ಎಡಿಟರ್ ಡೆಬಿಯನ್‌ನಲ್ಲೂ ಫೆಡೋರಾದಲ್ಲೂ ಒಂದೇ ಆವೃತ್ತಿ. ಕೆಳಗೆ ಹಳೆಯ ಗಟ್ಟಿ ಸಿಸ್ಟಂ, ಮೇಲೆ ಹೊಸ ಪ್ರೋಗ್ರಾಂ, ಎರಡೂ ಒಟ್ಟಿಗೆ ಸಾಧ್ಯ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಇದು ಮೊದಲೇ ಸೇರಿರುತ್ತದೆ. ಉಬುಂಟು ಸ್ನ್ಯಾಪ್ ಅನ್ನುವ ತನ್ನದೇ ಏರ್ಪಾಡು ಬಳಸುತ್ತದೆ, ಫ್ಲಾಟ್‌ಪ್ಯಾಕ್ ಬೇಕಾದರೆ ಹಾಕಿಕೊಳ್ಳಬಹುದು. ಬದಲಿಗೆ ಕೊಡಬೇಕಾದ್ದು ಡಿಸ್ಕ್ ಜಾಗ. ಮೊದಲ ಪ್ರೋಗ್ರಾಂ ಹಾಕುವಾಗ ಅದರ ಬುನಾದಿಯೂ ಇಳಿಯುವುದರಿಂದ ಜಾಸ್ತಿ ಜಾಗ ಹೋಗುತ್ತದೆ, ಮುಂದಿನವು ಅದನ್ನು ಹಂಚಿಕೊಳ್ಳುತ್ತವೆ. ಇನ್ನೊಂದು, ಪ್ರೋಗ್ರಾಂ ಬೇಲಿಯೊಳಗೆ ಓಡುವುದರಿಂದ ಕೆಲವೊಮ್ಮೆ ಬೇರೆ ಡಿಸ್ಕ್‌ನಲ್ಲಿರುವ ನಿಮ್ಮ ಫೈಲ್ ಅದಕ್ಕೆ ಕಾಣುವುದಿಲ್ಲ. ಆಗ ಫ್ಲಾಟ್‌ಸೀಲ್ ಅನ್ನುವ ಸಣ್ಣ ಟೂಲ್‌ನಲ್ಲಿ ಆ ಫೋಲ್ಡರ್‌ಗೆ ಅನುಮತಿ ಕೊಟ್ಟರೆ ಆಯಿತು.

ಈಗ ಕ್ರಮದ ಕಾರಣ ಸ್ಪಷ್ಟವಾಯಿತು ಅಂದುಕೊಳ್ಳುತ್ತೇನೆ. ಫ್ಲಾಟ್‌ಪ್ಯಾಕ್ ತನ್ನ ಲೈಬ್ರರಿ ತರಬಲ್ಲದು, ತನ್ನ ಕರ್ನಲ್ ತರಲಾರದು. ವೈಫೈ ಡ್ರೈವರ್ ಫ್ಲಾಟ್‌ಹಬ್‌ನಲ್ಲಿ ಸಿಗುವುದಿಲ್ಲ.

ಸಾಫ್ಟ್‌ವೇರ್ ವಿಷಯದಲ್ಲಿ ಮುಂಚೆಯೇ ನೋಡಬೇಕಾದ್ದು ಒಂದೇ. ನೀವು ದಿನಾ ಬಳಸುವ ಪ್ರೋಗ್ರಾಂಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದಕ್ಕೂ ಲಿನಕ್ಸ್ ಆವೃತ್ತಿ ಇದೆಯಾ ನೋಡಿ. ವಿಂಡೋಸ್‌ಗೆ ಮಾತ್ರ ಇರುವ ಪ್ರೋಗ್ರಾಂ ಒಂದು ನಿಮ್ಮ ಕೆಲಸಕ್ಕೆ ಬೇಕೇ ಬೇಕು ಅಂತಾದರೆ, ಡಿಸ್ಟ್ರೋ ಬದಲಿಸಿ ಅದು ಸಿಗುವುದಿಲ್ಲ. ವಿಂಡೋಸನ್ನೂ ಜೊತೆಗೆ ಇಟ್ಟುಕೊಳ್ಳಿ. ಕೆಲವು ಪ್ರೋಗ್ರಾಂಗಳನ್ನು ತಯಾರಕರು .deb ಫೈಲ್ ಆಗಿ ಮಾತ್ರ ಕೊಡುತ್ತಾರೆ. ಅಂಥದ್ದು ಪಟ್ಟಿಯಲ್ಲಿದ್ದರೆ ಉಬುಂಟು, ಮಿಂಟ್, ಡೆಬಿಯನ್ ಕಡೆ ತಕ್ಕಡಿ ವಾಲುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ನನ್ನದರಲ್ಲಿ ಎನ್‌ವಿಡಿಯಾ ಕಾರ್ಡ್ ಇದೆ. ಆಗಲೂ ಕರ್ನಲ್ ಸಂಖ್ಯೆಯೇ ನೋಡಬೇಕಾ?" ಅಲ್ಲಿ ಲೆಕ್ಕ ಬೇರೆ. ಎನ್‌ವಿಡಿಯಾದ ಸ್ವಂತ ಡ್ರೈವರ್ ಕರ್ನಲ್ ಒಳಗೆ ಇಲ್ಲ, ಹೊರಗಿನಿಂದ ಹಾಕಬೇಕು. ಅದನ್ನು ಹಾಕುವುದು ಎಷ್ಟು ಸುಲಭ ಅನ್ನುವುದು ಡಿಸ್ಟ್ರೋದಿಂದ ಡಿಸ್ಟ್ರೋಗೆ ಬದಲಾಗುತ್ತದೆ. ಉಬುಂಟು ಮತ್ತು ಮಿಂಟ್‌ನಲ್ಲಿ ಅದಕ್ಕೇ ಒಂದು ಕಿಟಕಿ ಇದೆ, ಸರಿಯಾದ ಡ್ರೈವರ್ ಅದೇ ತೋರಿಸುತ್ತದೆ. ಫೆಡೋರಾ ಮತ್ತು ಡೆಬಿಯನ್‌ನಲ್ಲಿ ಮೊದಲು ಹೆಚ್ಚುವರಿ ರೆಪೊಸಿಟರಿ ಸೇರಿಸಬೇಕಾಗುತ್ತದೆ. ಹೊಸಬರಿಗೆ ನಾನು ಮೊದಲ ಎರಡನ್ನೇ ಹೇಳುತ್ತೇನೆ. ಸಹಿ ಇಲ್ಲದ ಕೋಡನ್ನು ಬೂಟ್ ಹೊತ್ತಿನಲ್ಲಿ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ಮರುಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ Enroll MOK ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ Continue boot ಒತ್ತಿದರೆ ಡ್ರೈವರ್ ಲೋಡ್ ಆಗುವುದಿಲ್ಲ. ಆಮೇಲೆ ಟರ್ಮಿನಲ್‌ನಲ್ಲಿ `nvidia-smi` ಓಡಿಸಿ. ಕಾರ್ಡಿನ ಹೆಸರು ಬಂದರೆ ಎಲ್ಲ ಸರಿ ಇದೆ.

ಇನ್ನೊಬ್ಬರು, ಹಳೆಯ ಕಂಪ್ಯೂಟರ್ ಇರುವವರು, ಹೊಸ ಕರ್ನಲ್ ಯಾವಾಗಲೂ ಒಳ್ಳೆಯದಾ ಅಂತ ಕೇಳಿದರು. ಇಲ್ಲ. ಹತ್ತು ವರ್ಷ ಹಳೆಯ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳು ಎಷ್ಟೋ ಮುಂಚೆ ಬಂದಿವೆ. ಅಲ್ಲಿ ಹಾರ್ಡ್‌ವೇರ್ ಪ್ರಶ್ನೆಯೇ ಇಲ್ಲ, ಧೈರ್ಯವಾಗಿ ಡೆಬಿಯನ್ ಹಾಕಬಹುದು, ಅಥವಾ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಮಿಂಟ್. ಕೆಲವೊಮ್ಮೆ ಹೊಸ ಕರ್ನಲ್ ತೊಂದರೆಯೇ ಕೊಡುತ್ತದೆ. ಜಿಫೋರ್ಸ್ 400, 500 ಸರಣಿಯ ಕಾರ್ಡ್‌ಗಳಿಗೆ ಬೇಕಾದ 390 ಡ್ರೈವರ್‌ಗೆ ತಯಾರಕರ ಬೆಂಬಲ 2022ರ ಕೊನೆಗೆ ನಿಂತಿತು. ಆಮೇಲಿನ ಕರ್ನಲ್‌ಗಳಲ್ಲಿ ಅದನ್ನು ಕಂಪೈಲ್ ಮಾಡುವುದೇ ಕಷ್ಟ. ಅಂಥ ಯಂತ್ರದಲ್ಲಿ ಕರ್ನಲ್ ಜೊತೆಗೇ ಬರುವ ನೂವೋ ಡ್ರೈವರ್‌ನಲ್ಲಿ ತೃಪ್ತಿಪಡಬೇಕು. ಬರೆಯಲು, ಓದಲು, ವಿಡಿಯೋ ನೋಡಲು ಅದು ಸಾಕು.

ಆರ್ಚ್ ಅನ್ನುವ ಡಿಸ್ಟ್ರೋ ಬಗ್ಗೆಯೂ ಪ್ರಶ್ನೆ ಬಂತು. ಅಲ್ಲಿ ಕರ್ನಲ್ ಯಾವಾಗಲೂ ಹೊಸದು, ಸಾಫ್ಟ್‌ವೇರ್ ಕೂಡ. ಆದರೆ ಅಪ್‌ಡೇಟ್ ಮಾಡುವ ಮುಂಚೆ ಅವರ ಸುದ್ದಿ ಪುಟ ಓದುವುದು, ಕೈಯಿಂದ ಮಾಡಬೇಕಾದ ಬದಲಾವಣೆ ಇದ್ದರೆ ಮಾಡುವುದು ನಿಮ್ಮ ಕೆಲಸ. ಆ ಕೆಲಸ ಇಷ್ಟವಾದರೆ ಎರಡನೇ ಡಿಸ್ಟ್ರೋ ಆಗಿ ನೋಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ನನ್ನದೂ ಡೆಬಿಯನ್ 12, ಅದೇ ಚಿಪ್. ಎಲ್ಲ ಸೆಟ್ ಮಾಡಿಕೊಂಡಿದ್ದೀನಿ. ಅಳಿಸಲೇಬೇಕಾ?" ಬೇಕಿಲ್ಲ. ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಅಂತ ಒಂದು ರೆಪೊಸಿಟರಿ ಇದೆ. ನಾನು ಮಾಡಿದ ತಪ್ಪಿಗೂ ಇದಕ್ಕೂ ವ್ಯತ್ಯಾಸ ಇದೆ: ಇಲ್ಲಿರುವ ಹೊಸ ಪ್ಯಾಕೇಜ್‌ಗಳನ್ನು ನಿಮ್ಮ ಸ್ಟೇಬಲ್ ಆವೃತ್ತಿಯ ಲೈಬ್ರರಿಗಳ ಮೇಲೆಯೇ ಮತ್ತೆ ಕಟ್ಟಿರುತ್ತಾರೆ. ಅದಕ್ಕೇ ಬೇರೆ ಯಾವುದನ್ನೂ ಎಳೆದು ಹಾಕುವುದಿಲ್ಲ. ಇಂಟರ್ನೆಟ್‌ಗೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಅಂತ ನೋಡುತ್ತದೆ, ವೈಫೈ ಡ್ರೈವರ್ ಬೇಕಿಲ್ಲ. `/etc/apt/sources.list` ಫೈಲಿಗೆ ಈ ಸಾಲು ಸೇರಿಸಿ. ಇದರಲ್ಲಿರುವ bookworm ಅನ್ನುವುದು ಡೆಬಿಯನ್ 12ರ ಇನ್ನೊಂದು ಹೆಸರು.

```
deb http://deb.debian.org/debian bookworm-backports main contrib non-free-firmware
```

ಆಮೇಲೆ ಇವೆರಡು.

```
sudo apt update
sudo apt install -t bookworm-backports linux-image-amd64 firmware-realtek
```

ಕರ್ನಲ್ ಜೊತೆ ಫರ್ಮ್‌ವೇರ್ ಹೆಸರನ್ನೂ ಕೊಟ್ಟಿರುವುದಕ್ಕೆ ಕಾರಣ ಇದೆ. ಡ್ರೈವರ್ ಬಂದರೂ ಚಿಪ್‌ನೊಳಗೆ ತುಂಬಬೇಕಾದ ಫರ್ಮ್‌ವೇರ್ ಇಲ್ಲದಿದ್ದರೆ ವೈಫೈ ಏಳುವುದಿಲ್ಲ. ಮರುಬೂಟ್ ಮಾಡಿ `uname -r` ನೋಡಿ. ಸಂಖ್ಯೆ 6.2 ದಾಟಿರಬೇಕು, `lspci -nnk` ಅಲ್ಲಿ `rtw89_8852be` ಬಂದಿರಬೇಕು. ಹೊಸದಾಗಿ ಹಾಕುವವರಾದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಕರ್ನಲ್ 6.12 ಇದೆ, ಈ ಚಿಪ್‌ಗೆ ಇದಾವುದೂ ಬೇಕಾಗುವುದಿಲ್ಲ. ಅವರು ಸಭೆಯಲ್ಲೇ ಮೊಬೈಲ್ ಕೇಬಲ್ ಸೇರಿಸಿ ಆ ಸಾಲುಗಳನ್ನು ಹಾಕಲು ಶುರು ಮಾಡಿದರು. ನಾವು ಕುರ್ಚಿ ಎತ್ತಿಡುವಷ್ಟರಲ್ಲಿ ಅವರ ಮೆನುವಿನಲ್ಲಿ ವೈಫೈ ಬಂದಿತ್ತು.